ಬುಧವಾರದ ಹಾಜರಿ

ಪಾರ್ಟ್‌ಟೈಮ್ ಬಿ.ಇ. ಸೀಟು ಸಿಗುವುದು ಅಷ್ಟೇನೂ ಕಷ್ಟವಲ್ಲ, ಸಿಕ್ಕ ಸೀಟಿನಲ್ಲಿ ಹೋಗಿ ಕೂರುವುದು ಕಷ್ಟ. ಇದು ನಂಜುಂಡನ್‌ಗೆ ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗಿತ್ತು. ಡಿಪ್ಲೊಮಾ ಇರಬೇಕು, ಇತ್ತು. ಡಿಪ್ಲೊಮಾ ಮುಗಿದ ಮೇಲೆ ಎರಡು ವರ್ಷವಾದರೂ ದುಡಿದಿರಬೇಕು, ಅವನು ಒಂಬತ್ತು ವರ್ಷ ದುಡಿದಿದ್ದ. ಅರ್ಜಿ ಹಾಕುವಾಗ ಕೆಲಸದಲ್ಲಿರಬೇಕು, ಕಾಲೇಜಿಗೆ ದಿನಾ ಬಂದು ಹೋಗುವಷ್ಟು ಹತ್ತಿರದಲ್ಲಿರಬೇಕು, ಮಾಲೀಕರು ‘ನಮ್ಮ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಡಬೇಕು. ಕೊಯಮತ್ತೂರಿನ ಪಕ್ಕ ಸೂಲೂರಿನಾಚೆಯ ಮೋಟಾರ್ ಕಾರ್ಖಾನೆಯ ಮ್ಯಾನೇಜರ್ ರಾಜೇಂದ್ರನ್ ಅದನ್ನೂ ಕೊಟ್ಟಿದ್ದರು, ಕಂಪೆನಿಯ ಹೆಸರಿದ್ದ ಹಾಳೆಯಲ್ಲಿ, ನಗುನಗುತ್ತಾ. ‘ಸಂಜೆ ತರಗತಿಗೆ ಸಕಾಲಕ್ಕೆ ಬಿಡುಗಡೆ ಮಾಡಲಾಗುವುದು’ ಎಂಬ ಸಾಲೂ ಅದರಲ್ಲಿತ್ತು. ಕೌನ್ಸೆಲಿಂಗ್‌ನಲ್ಲಿ ಆ ಹಾಳೆ ನೋಡಿ ಸೀಟು ಕೊಟ್ಟರು.

ಸೀಟು ಕೈಗೆ ಬಂದ ವಾರವೇ ಅವನು ಮ್ಯಾನೇಜರ ಮುಂದೆ ನಿಂತು, ಹಾಗಾದರೆ ನನ್ನನ್ನು ಬೆಳಗಿನ ಶಿಫ್ಟಿಗೇ ಹಾಕಿಬಿಡಿ ಸಾರ್ ಎಂದು ಕೇಳಿದ. ರಾಜೇಂದ್ರನ್‌ಗೆ ಆಶ್ಚರ್ಯವೇ ಆಯಿತು.

“ನಾನು ಕಾಗದ ಕೊಟ್ಟೆ ತಂಬಿ. ಶಿಫ್ಟು ಕೊಡ್ತೀನಿ ಅಂತ ಎಲ್ಲಿ ಹೇಳಿದೆ? ಇವತ್ತು ನಿನಗೆ ಕೊಟ್ಟರೆ ನಾಳೆ ನಾಲ್ಕು ಜನ ಬಂದು ನಿಲ್ತಾರೆ. ನೀವು ನೀವೇ ಹೊಂದಿಸ್ಕೊಳ್ಳಿ. ನಾನು ಕಣ್ಣು ಮುಚ್ಕೊಂಡಿರ್ತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ, ಆದರೂ ವರ ಬಾಗಿಲಾಚೆ ಬರಲಿಲ್ಲ. ಆದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದ ಮಾತನ್ನು ಮಾತ್ರ ಅವರು ಚೆನ್ನಾಗಿ ಉಳಿಸಿಕೊಂಡರು.

ಹೊಂದಿಸಿಕೊಳ್ಳುವ ದಾರಿ ಲೋಹದ ತಗಡು ಒತ್ತುವ ಆ ಪ್ರೆಸ್ ಶಾಪಿನಲ್ಲಿ ಹಿಂದಿನಿಂದಲೂ ಇತ್ತು. ಅದಕ್ಕೆ ಅಲ್ಲಿ ‘ಕಾರ್ಡು ಮಾತ್ತುವುದು’ ಎಂದು ಹೆಸರು, ಅಂದರೆ ಕಾರ್ಡು ಬದಲಾಯಿಸುವುದು. ಒಬ್ಬನಿಗೆ ಬೇಗ ಹೋಗಬೇಕಿದ್ದರೆ ಹಿಂದಿನ ಗೇಟಿನಿಂದ ಹೋಗಿಬಿಡುತ್ತಾನೆ. ಅವನ ಜಾಗದಲ್ಲಿ ನಿಂತವನು ತನ್ನ ಕಾರ್ಡನ್ನು ಮುಟ್ಟುವುದಿಲ್ಲ, ಶಿಫ್ಟು ಮುಗಿದಾಗ ಹೋದವನ ಕಾರ್ಡನ್ನು ಯಂತ್ರಕ್ಕೆ ಕೊಟ್ಟು ಪಂಚ್ ಮಾಡುತ್ತಾನೆ. ಹೋದವನಿಗೆ ರಜೆ ಬೀಳುವುದಿಲ್ಲ, ಕಂಪೆನಿಗೆ ಆಳು ಕಡಿಮೆಯಾಗುವುದಿಲ್ಲ. ಮದುವೆಗೆ, ಕಿವಿ ಚುಚ್ಚುವ ಶಾಸ್ತ್ರಕ್ಕೆ, ಮಗುವಿನ ಜ್ವರಕ್ಕೆ ಎಲ್ಲರೂ ಮಾಡಿದ್ದೇ. ನಂಜುಂಡನ್ ಅದನ್ನು ಓದಿಗೆ ಬಳಸಿಕೊಂಡ, ಅಷ್ಟೇ ಹೊಸದು.

ಅವನ ಜಾಗದಲ್ಲಿ ನಿಲ್ಲುತ್ತಿದ್ದವನು ಲೋಗನಾಥನ್. ಇಬ್ಬರೂ ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಕೂರಿಸುವ ಸೆಟ್ಟರುಗಳು, ಇಬ್ಬರ ಮನೆಯಲ್ಲೂ ಕನ್ನಡ. ಕನ್ನಡದ ಅಕ್ಷರ ಮಾತ್ರ ಇಬ್ಬರಿಗೂ ಬರದು. ಸುತ್ತ ನಿಂತ ತಮಿಳರಿಗೂ ಒಡಿಶಾದ ಹುಡುಗರಿಗೂ ತಿಳಿಯದಂತೆ ಮ್ಯಾನೇಜರನ್ನು ಬೈಯಲು ಆ ಭಾಷೆ ಬಹಳ ಅನುಕೂಲವಾಗಿತ್ತು. ನಂಜುಂಡನ್‌ಗೆ ಮಧ್ಯಾಹ್ನದ ಶಿಫ್ಟು ಬಂದ ವಾರಗಳಲ್ಲಿ ಬೆಳಗಿನ ಶಿಫ್ಟು ಮುಗಿಸಿದ ಲೋಗನಾಥನ್ ಮನೆಗೆ ಹೋಗಿ, ಉಂಡು, ಒಂದು ನಿದ್ದೆ ಮಾಡಿ, ಐದು ಗಂಟೆಗೆ ಹಿಂದಿನ ಗೇಟಿನಿಂದ ವಾಪಸ್ ಬರುತ್ತಿದ್ದ. ಬದಲಿಗೆ ಕೆಲವು ಭಾನುವಾರ ನಂಜುಂಡನ್ ಅವನ ಕಾರ್ಡಿನ ಮೇಲೆ ದುಡಿಯುತ್ತಿದ್ದ.

“ನೀ ಓಗು ತಂಬಿ, ಬಸ್ಸು ತಪ್ಪೋಯ್ತದೆ. ಇದ್ನ ನಾ ನೋಡ್ಕತೀನಿ,” ಎಂದು ಲೋಗನಾಥನ್ ಅವನ ಕೈಯಿಂದ ಸ್ಪ್ಯಾನರ್ ಕಸಿದುಕೊಳ್ಳುತ್ತಿದ್ದ. “ನಮ್ಮ ಬಾಷೆಯೋರು ಒಬ್ಬ ಇಂಜಿನಿಯರ್ ಆಗ್ಲಿ. ನಾಳೆ ನಾ ಸಾರ್ ಅಂತ ಕರೀತೀನಿ, ಆಗ ತಿರುಗಿ ನೋಡ್ಬೇಕು ನೀನು.”

ಇಂಜಿನಿಯರ್ ಆಗಲೇಬೇಕೆಂಬ ಹಟ ನಂಜುಂಡನ್‌ಗೆ ಸುಮ್ಮನೆ ಹುಟ್ಟಿದ್ದಲ್ಲ. ಅವನು ಕಲಿಸಿಕೊಟ್ಟ ಮೂವರು ಪದವಿ ಹುಡುಗರು ಒಬ್ಬರ ಹಿಂದೊಬ್ಬರು ಅಧಿಕಾರಿಗಳ ಗಾಜಿನ ಕೋಣೆಯೊಳಗೆ ಹೋಗಿ ಕುಳಿತಿದ್ದರು. ಮೂರನೆಯವನು ಹೋದ ದಿನ ಅವನಿಗೆ ಊಟ ಸೇರಿರಲಿಲ್ಲ. ಪದವಿ ತಾ, ಅಸಿಸ್ಟೆಂಟ್ ಇಂಜಿನಿಯರ್ ಕುರ್ಚಿ ನಿನ್ನದು ಎಂದು ರಾಜೇಂದ್ರನ್ ಹೇಳಿದ್ದರು. ಅದನ್ನು ಕಾಗದದಲ್ಲಿ ಬರೆದಿರಲಿಲ್ಲ.

ಹೀಗೆ ಮೂರು ಸೆಮಿಸ್ಟರು ದಾಟಿತು. ನಾಲ್ಕನೆಯದರಲ್ಲಿ ಆರ್ಡರು ಹೆಚ್ಚಿ ತಿಂಗಳ ಕೊನೆಯ ವಾರವೆಲ್ಲ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡರು. ಕ್ಲಾಸು ತಪ್ಪಿತು. ಒಟ್ಟು ಹಾಜರಿ ನೂರಕ್ಕೆ ಎಪ್ಪತ್ತೈದು ಇದ್ದರೆ ಮಾತ್ರ ಪರೀಕ್ಷೆ. ಅದಕ್ಕಿಂತ ಕೆಳಗೆ ಬಂದು ಅರವತ್ತೈದರ ಮೇಲಿದ್ದರೆ, ಕಾಯಿಲೆ ಬಿದ್ದಿದ್ದೆ ಎಂದು ವೈದ್ಯರ ಸರ್ಟಿಫಿಕೇಟು ತಂದು, ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿ, ಪ್ರಿನ್ಸಿಪಾಲರು ಒಪ್ಪಿದರೆ ಮನ್ನಾ. ಇಲ್ಲವಾದರೆ ಆ ಸೆಮಿಸ್ಟರನ್ನೇ ಮುಂದಿನ ವರ್ಷ ಮತ್ತೆ ಓದಬೇಕು. ಹಗಲೆಲ್ಲ ದುಡಿದು ಬರುವವರು ಎಂಬ ಕನಿಕರ ಆ ನಿಯಮಕ್ಕಿಲ್ಲ. ನಂಜುಂಡನ್ ಎಪ್ಪತ್ತೈದರ ಗೆರೆಯ ಮೇಲೆ ಒಂಟಿಕಾಲಿನಲ್ಲಿ ನಿಂತಿದ್ದ.

ಅದೊಂದು ಬುಧವಾರ ಅವನು ಕಾಲೇಜಿನಲ್ಲಿ ಕುಳಿತಿದ್ದಾಗ, ಇಲ್ಲಿ ಲೋಗನಾಥನ್‌ನ ಬಲಗೈ ಪ್ರೆಸ್ಸಿನಡಿ ಸಿಕ್ಕಿತು.

ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ಸು ಅದು. ಕೆಲಸ ಬೇಗ ಸಾಗಲಿ ಎಂದು ಒಂದು ಗುಂಡಿಯನ್ನು ಒತ್ತಿಟ್ಟು ಟೇಪು ಸುತ್ತಿ ಆರು ತಿಂಗಳಾಗಿತ್ತು, ಎಲ್ಲರಿಗೂ ಗೊತ್ತಿತ್ತು. ಬೆಳಗಿನಿಂದ ಎರಡನೇ ಸಲ ಕೆಲಸಕ್ಕೆ ಬಂದವನ ಕಣ್ಣು ಎಳೆಯಿತೋ, ಕೈ ತಡವಾಯಿತೋ. ಹೆಬ್ಬೆರಳು ಉಳಿಯಿತು, ಉಳಿದ ನಾಲ್ಕೂ ಹೋದವು.

ಮರುದಿನ ನಂಜುಂಡನ್ ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಗೆ ಓಡಿದ. ಲೋಗನಾಥನ್ ಮಂಪರಿನಲ್ಲಿದ್ದ. ಅವನ ಹೆಂಡತಿ ಅಂಗಮ್ಮ ಹಾಸಿಗೆಯ ಕಾಲು ಹಿಡಿದು ನೆಲದ ಮೇಲೆ ಕುಳಿತಿದ್ದಳು. ಇವನನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ವೈದ್ಯ ಎಲ್ಲಾ ಇಎಸ್‌ಐನೋರೇ ನೋಡ್ಕತಾರಂತೆ ತಂಬಿ,” ಎಂದಳು. “ವೇಲೆ ಮಾಡುವಾಗ ಆದ ಗಾಯ ಅಂತ ಆದ್ರೆ ಇರೋಗಂಟ ತಿಂಗ್ಳು ತಿಂಗ್ಳು ಪೆನ್ಷನ್ನೂ ಕೊಡ್ತಾರಂತೆ. ನೀನೊಬ್ನೇ ಸಾಚಿ. ನಿನ್ನ ಬದ್ಲಿಗೆ ನಿಂತಿದ್ರು ಅಂತ ನೀ ಹೇಳ್ತೀಯಲ್ಲ?”

“ಹೇಳ್ತೀನಕ್ಕಾ,” ಎಂದ ನಂಜುಂಡನ್. ಹೇಳುವಾಗ ನಿಜವಾಗಿಯೂ ಹೇಳಬೇಕೆಂದೇ ಇದ್ದ.

ಶುಕ್ರವಾರ ರಾಜೇಂದ್ರನ್ ಅವನನ್ನು ಗಾಜಿನ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಇಷ್ಟು ವರ್ಷದಲ್ಲಿ ಅವನು ಆ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು.

“ಕಾರ್ಡಿನ ಪ್ರಕಾರ ಲೋಗನಾಥನ್ ಎರಡು ಗಂಟೆಗೇ ಮನೆಗೆ ಹೋಗಿದ್ದಾನೆ,” ಎಂದರು. “ಸಂಜೆ ಡ್ಯೂಟಿಯಲ್ಲಿದ್ದವನು ನೀನು. ಗಲಾಟೆಯಲ್ಲಿ ಯಾರೋ ನಿನ್ನ ಕಾರ್ಡನ್ನು ಹತ್ತಕ್ಕೆ ಪಂಚ್ ಮಾಡಿಯೂ ಬಿಟ್ಟಿದ್ದಾರೆ. ಅದು ಹಾಗೇ ಇರಲಿ. ಅವನು ಏನೋ ಸ್ವಂತ ಕೆಲಸಕ್ಕೆ ಒಳಗೆ ಬಂದ, ನೀನು ಬೇಡ ಬೇಡ ಅಂದರೂ ಕೈ ಹಾಕಿದ. ಅಷ್ಟು ಹೇಳು.”

ನಂಜುಂಡನ್ ಕುರ್ಚಿಯಿಂದ ಅರ್ಧ ಎದ್ದ.

“ನಿಜ ಹೇಳ್ತೀನಿ ಅಂತೀಯಾ? ಹೇಳು. ಇನ್ನೊಬ್ಬನ ಕಾರ್ಡು ಪಂಚ್ ಮಾಡಿದ್ದಕ್ಕೆ ಅವನಿಗೂ ಮೆಮೊ, ಮಾಡಿಸಿದ್ದಕ್ಕೆ ನಿನಗೂ ಮೆಮೊ. ಇಬ್ಬರ ಕೆಲಸವೂ ಹೋಯಿತು. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದು ಆ ಟೇಪು ನೋಡಿದರೆ ಪ್ರೆಸ್ ಶಾಪೇ ಮುಚ್ತದೆ. ಲೋಗನಾಥನ್‌ನ ನಾವು ಬೀದಿಗೆ ಬಿಡ್ತೀವಾ? ಗೇಟಿನಲ್ಲಿ ವಾಚ್‌ಮನ್ ಮಾಡ್ಕೊಳ್ತೀವಿ. ನೀನು ಓದು ಮುಗಿಸು. ಬರೋ ವಾರದಿಂದ ನಿನಗೆ ಬೆಳಗಿನ ಶಿಫ್ಟು, ಪ್ರತಿ ವಾರವೂ.”

ಎರಡು ವರ್ಷ ಕೇಳಿಕೊಂಡರೂ ಸಿಗದ ಬೆಳಗಿನ ಶಿಫ್ಟು ನಾಲ್ಕು ಬೆರಳು ಹೋದ ಮೇಲೆ ತಾನಾಗಿ ಮೇಜಿನ ಮೇಲೆ ಬಂದು ಕುಳಿತಿತ್ತು. ನಂಜುಂಡನ್‌ಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಆಸೆಯೂ ಆಯಿತು, ಸುಳ್ಳೇಕೆ.

“ಇನ್ನೊಂದು,” ಎಂದರು ರಾಜೇಂದ್ರನ್. “ನಿನ್ನ ಫೈಲಿನಲ್ಲಿ ನಾನು ಕೊಟ್ಟ ಎನ್‌ಒಸಿ ಇದೆ. ಇಎಸ್‌ಐ ಅಧಿಕಾರಿ ಅದನ್ನು ನೋಡಿ ಕಾಲೇಜಿಗೆ ಹೋದರೆ, ಆ ಸಂಜೆ ನೀನು ಅಲ್ಲಿದ್ದೆ ಅಂತ ಅವರು ಹೇಳ್ತಾರೆ. ಅಲ್ಲಿ ನಿನ್ನ ಹಾಜರಿ ಇರಕೂಡದು.”

“ಹಾಜರಿ ಹೋದರೆ ಎಪ್ಪತ್ತೈದಕ್ಕಿಂತ ಕೆಳಗೆ ಹೋಗ್ತೀನಿ ಸಾರ್.”

“ಅದಕ್ಕೆ ಮೆಡಿಕಲ್ ಸರ್ಟಿಫಿಕೇಟು ಕೊಟ್ಟರೆ ಆಯ್ತಲ್ಲ, ನೀನೇ ಹೇಳಿದ್ದೆ. ನನಗೆ ಗೊತ್ತಿರೋ ಡಾಕ್ಟರಿದ್ದಾರೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಜೇಂದ್ರನ್‌ಗೆ ಇಂಥದು ನೀರು ಕುಡಿದಷ್ಟು ಸಲೀಸು. ನಂಜುಂಡನ್ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದ: ವಾಚ್‌ಮನ್ ಕೆಲಸವಾದರೆ ಲೋಗಣ್ಣನಿಗೂ ಊಟಕ್ಕಾಯಿತು, ನನಗೂ ಓದು ಆಯಿತು, ಯಾರ ಕೆಲಸವೂ ಹೋಗಲಿಲ್ಲ. ಲೆಕ್ಕ ಸರಿಯಾಗಿಯೇ ಬಂತು. ಬೇಕೆಂದು ಹಾಕಿದ ಲೆಕ್ಕ ತಪ್ಪುವುದುಂಟೇ.

ಬುಧವಾರದ ಸಂಜೆಯ ಪಾಠಗಳೆಲ್ಲ ಅಪೂರ್ವ ಮೇಡಂ ಅವರವು. ದಾವಣಗೆರೆಯ ಕಡೆಯವರು, ಗಂಡನ ಕೆಲಸದಿಂದಾಗಿ ಕೊಯಮತ್ತೂರಿಗೆ ಬಂದವರು. ನಂಜುಂಡನ್‌ನ ಮನೆಮಾತು ಕನ್ನಡವೆಂದು ತಿಳಿದ ದಿನದಿಂದ ಅವನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವನು ಕ್ಲಾಸು ಶುರುವಾಗುವ ಮುಂಚೆ ಸ್ಟಾಫ್ ರೂಮಿಗೆ ಹೋದ.

“ಮೇಡಂ, ಮೊನ್ನೆ ಬುದ್ವಾರ ನಂಗೆ ಅಟೆಂಡೆನ್ಸ್ ಬಿದ್ದದೆ. ಅದ್ನ ತೆಗೀಬೇಕು.”

ಅಪೂರ್ವ ತಲೆಯೆತ್ತಿ ನೋಡಿದರು. “ಹಾಜರಿ ಹಾಕಿ ಅಂತ ಅಳುತ್ತಾ ಬರುವವರನ್ನ ನೋಡಿದ್ದೀನಿ. ತೆಗೆಯಿರಿ ಅಂತ ಬಂದವರು ನೀವೇ ಮೊದಲು. ಯಾಕೆ?”

“ನಾ ಬಂದಿರ್ಲಿಲ್ಲ ಮೇಡಂ.”

“ಬಂದಿದ್ದಿರಲ್ಲ? ಏನೋ ಪ್ರಶ್ನೆ ಕೂಡ ಕೇಳಿದ ಹಾಗೆ ನೆನಪು.”

“ಅದು ಅದರ ಹಿಂದಿನ ವಾರ ಮೇಡಂ.”

“ಹಾಗಾದರೆ ನಿಮ್ಮ ನಂಬರ್ ಕರೆದಾಗ ಯೆಸ್ ಅಂದವರು ಯಾರು?”

ಇಲ್ಲಿಯವರೆಗೆ ಅವನು ಯೋಚಿಸಿರಲಿಲ್ಲ. ಕಾರ್ಖಾನೆಯಲ್ಲಿ ನಿಜವಾಗಿ ಮಾಡಿದ ತಪ್ಪು ಬಾಯಿಗೆ ಸುಲಭವಾಗಿ ಬಂತು, ಅದನ್ನೇ ಇಲ್ಲಿ ಮಾಡದಿದ್ದರೂ ಒಪ್ಪಿಕೊಂಡ. “ಪ್ರೆಂಡು ಒಬ್ಬ ಹೇಳ್ದ ಮೇಡಂ. ನಾನೇ ಹೇಳು ಅಂದಿದ್ದೆ. ಆಮೇಲೆ ಮನಸ್ಸು ತಡೀಲಿಲ್ಲ.”

ಅಪೂರ್ವ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಯಾರು ಅಂತ ಹೇಳುವುದಿಲ್ಲ, ಅಲ್ಲವೇ? ಬೇಡ ಬಿಡಿ. ಮೊದಲ ಬೆಂಚಿನಲ್ಲಿ ತೂಕಡಿಸುತ್ತಲೇ ಬರೆದುಕೊಳ್ಳುವವರು ನೀವು. ನಿಮ್ಮಿಂದ ಇದನ್ನು ನಾನು ಎಣಿಸಿರಲಿಲ್ಲ ನಂಜುಂಡನ್.” ಈ ಅವಧಿಯ ಹಾಜರಿ ಇನ್ನೂ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಹೋಗಿರಲಿಲ್ಲ. ರಿಜಿಸ್ಟರಿನಲ್ಲಿ ಬುಧವಾರದ ಸಾಲು ಹುಡುಕಿ, ತಿದ್ದಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. “ಇದನ್ನು ಎಚ್‌ಒಡಿಗೆ ತಿಳಿಸಲೇಬೇಕು. ಮುಚ್ಚಿಡುವುದು ನನಗೆ ಆಗುವುದಿಲ್ಲ.”

ತಿಳಿಸಲಿ ಎಂದುಕೊಂಡ ನಂಜುಂಡನ್. ಆ ಸಂಜೆ ಕ್ಲಾಸಿನಲ್ಲಿ ಅವರು ಅವನತ್ತ ಒಮ್ಮೆಯೂ ನೋಡಲಿಲ್ಲ, ಅದು ಮಾತ್ರ ಅವನನ್ನು ಇರಿಯಿತು.

ಮುಂದಿನ ವಾರ ಇಎಸ್‌ಐ ಕಚೇರಿಯ ಅಧಿಕಾರಿ ಕಾರ್ಖಾನೆಗೆ ಬಂದರು. ಪ್ರೆಸ್ಸಿನ ಗುಂಡಿಯ ಮೇಲೆ ಟೇಪು ಇರಲಿಲ್ಲ. ಆ ಸಂಜೆ ಅಲ್ಲಿದ್ದ ಒಡಿಶಾದ ಹುಡುಗರನ್ನು ಬೇರೆ ಘಟಕಕ್ಕೆ ಕಳಿಸಿಯಾಗಿತ್ತು. ನಂಜುಂಡನ್ ನಿಂತುಕೊಂಡು, ನಾನು ಹತ್ತರವರೆಗೆ ಡ್ಯೂಟಿಯಲ್ಲಿದ್ದೆ, ಅವನು ಸುಮ್ಮನೆ ಒಳಗೆ ಬಂದ, ಬೇಡವೆಂದರೂ ಕೈ ಹಾಕಿದ ಎಂದ. ಸಹಿ ಹಾಕಿದ. ಆ ಅಧಿಕಾರಿ ಎನ್‌ಒಸಿಯನ್ನು ನೋಡಿ ಕಾಲೇಜಿಗೂ ಹೋದರಂತೆ. ಅಲ್ಲಿ ಗೈರುಹಾಜರಿ ಎಂದಿತ್ತು. ಎರಡು ಕಡೆಯೂ ಒಂದಕ್ಕೊಂದು ಸರಿಹೊಂದಿತು.

ಅದಾದ ಮೇಲೆ ಅವನು ಆಸ್ಪತ್ರೆಯ ಕಡೆ ಹೋಗಲಿಲ್ಲ. ಬೆಳಗಿನ ಶಿಫ್ಟಿಗೆ ಹೋದ, ಸಂಜೆ ಕಾಲೇಜಿಗೆ ಹೋದ, ಒಂದೂ ತಪ್ಪಿಸಲಿಲ್ಲ. ತಪ್ಪಿಸದಿದ್ದರೂ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಜರಿ ಎಪ್ಪತ್ನಾಲ್ಕರ ಮೇಲೆ ಸ್ವಲ್ಪಕ್ಕೆ ನಿಂತಿತು. ಮ್ಯಾನೇಜರು ಕೊಡಿಸಿದ ಸರ್ಟಿಫಿಕೇಟು ಹಿಡಿದು ವಿಭಾಗದ ಮುಖ್ಯಸ್ಥ ಗೋಪಾಲಸಾಮಿಯವರ ಕೋಣೆಗೆ ಹೋದ.

ಗೋಪಾಲಸಾಮಿ ಕನ್ನಡಕ ಏರಿಸಿ ಸರ್ಟಿಫಿಕೇಟು ಓದಿದರು. ಡಾಕ್ಟರು ಉದಾರವಾಗಿ ಬರೆದಿದ್ದರು, ಆ ಬುಧವಾರವನ್ನೂ ಸೇರಿಸಿ ಇಡೀ ವಾರ ಟೈಫಾಯ್ಡ್.

“ಆ ಬುಧವಾರ ನೀನು ಹತ್ತು ಗಂಟೆಯವರೆಗೆ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದೆ ಅಂತ ಇಎಸ್‌ಐ ಅಧಿಕಾರಿ ನನ್ನ ಮುಂದೆಯೇ ಕುಳಿತು ಹೇಳಿದರಪ್ಪಾ,” ಎಂದರು. “ಜ್ವರದಲ್ಲಿ ಡ್ಯೂಟಿ ಮಾಡಿದೆಯಾ?”

“ಡ್ಯೂಟಿ ಇತ್ತು ಸಾರ್, ಅದಕ್ಕೇ ಬರಲಾಗಲಿಲ್ಲ.”

“ಡ್ಯೂಟಿಗೆ ಮನ್ನಾ ಇಲ್ಲ. ಇಲ್ಲಿ ಓದುವವರೆಲ್ಲ ಡ್ಯೂಟಿ ಮಾಡುವವರೇ. ಸಂಜೆ ಬಿಡುತ್ತೇವೆ ಅಂತ ನಿಮ್ಮ ಕಂಪೆನಿ ಬರೆದುಕೊಟ್ಟೇ ಸೀಟು ಪಡೆದಿದ್ದು. ಕಾಯಿಲೆಗೆ ಮಾತ್ರ ಮನ್ನಾ, ಈ ಕಾಯಿಲೆ ಸುಳ್ಳು. ಅದರ ಮೇಲೆ ಇನ್ನೊಬ್ಬನಿಂದ ಹಾಜರಿ ಹೇಳಿಸಿದ ಪ್ರಾಕ್ಸಿ ಬೇರೆ, ನೀನೇ ಒಪ್ಪಿಕೊಂಡಿದ್ದೀಯ.” ಅವರು ಸರ್ಟಿಫಿಕೇಟನ್ನು ಮಡಚಿ ಅವನ ಕೈಗೇ ಕೊಟ್ಟರು. “ಪೊಲೀಸಿಗೆ ಕೊಡುವುದಿಲ್ಲ, ಅದೇ ನಿನ್ನ ಪುಣ್ಯ. ಶಿಫಾರಸು ಮಾಡುವುದಿಲ್ಲ. ಬರುವ ವರ್ಷ ಈ ಸೆಮಿಸ್ಟರ್ ಮತ್ತೆ ಓದು.”

ಪರೀಕ್ಷೆಗೆ ಕೂರಲಾಗದವರ ಪಟ್ಟಿಯಲ್ಲಿ ಅವನ ಹೆಸರು ಅಂಟಿತು. ರಾಜೇಂದ್ರನ್‌ಗೆ ಹೋಗಿ ಹೇಳಿದಾಗ ಅವರು ಲೊಚಗುಟ್ಟಿದರು. ಪ್ರಾಕ್ಸಿ ಅಂತ ಹೇಳು ಎಂದು ನಾನು ಹೇಳಿದ್ದೆನಾ ಎಂದರು. ಕಾಲೇಜು ಈ ವರ್ಷ ಇಲ್ಲವೆಂದ ಮೇಲೆ ಬೆಳಗಿನ ಶಿಫ್ಟು ಯಾಕೆ ಎಂದೂ ಅಂದರು. ಸೋಮವಾರದಿಂದ ಅವನು ಮಧ್ಯಾಹ್ನದ ಶಿಫ್ಟಿನಲ್ಲಿದ್ದ. ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಏಜೆನ್ಸಿಯವರನ್ನು ತೆಗೆದುಕೊಂಡಿದ್ದರು, ಒಂದು ಕೈಯವನನ್ನು ಏಜೆನ್ಸಿ ಒಪ್ಪುವುದಿಲ್ಲವಂತೆ.

ಭಾನುವಾರ ಬೆಳಗ್ಗೆ ನಂಜುಂಡನ್ ಮನೆಯ ಮುಂದೆ ಬೈಕು ಒರೆಸುತ್ತಿದ್ದಾಗ ಲೋಗನಾಥನ್ ಮತ್ತು ಅಂಗಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಅವರು ಹತ್ತಿರ ಬಂದಾಗಿತ್ತು. ಲೋಗನಾಥನ್ ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ. ಮೈ ಇಳಿದುಹೋಗಿತ್ತು.

ಅಂಗಮ್ಮನೇ ಮಾತು ಶುರುಮಾಡಿದಳು. ಪೆನ್ಷನ್ ಇಲ್ಲವೆಂದು ಕಾಗದ ಬಂತಂತೆ. ಕೊಯಮತ್ತೂರಿನಲ್ಲಿ ಉಚಿತ ಕಾನೂನು ಸಲಹೆ ಕೊಡುವ ವಕೀಲರ ಹತ್ತಿರ ಹೋಗಿದ್ದರಂತೆ. ಇಎಸ್‌ಐ ಕೋರ್ಟಿಗೆ ಹಾಕಬಹುದು ಅಂದರಂತೆ.

“ನೀ ಸೈನ್ ಹಾಕಿದ್ದು ವಕೀಲಮ್ಮ ತೋರ್ಸಿದ್ರು,” ಎಂದಳು. ನಂಜುಂಡನ್ ತಲೆ ತಗ್ಗಿಸಿದ. “ಪರವಾಯಿಲ್ಲೆ ತಂಬಿ. ಹೆದ್ರಿಸವ್ರೆ, ಹಾಕ್ಬುಟ್ಟೆ. ನಾವು ಅದ್ನ ಕೇಳಾಕೆ ಬಂದಿಲ್ಲ. ಬಾಯ್ಮಾತು ಬ್ಯಾಡವಂತೆ, ಯಾರ ಬಾಯ್ನೂ ಕೋರ್ಟು ನಂಬಲ್ವಂತೆ. ಅವತ್ತು ಸಾಯಂತ್ರ ನೀ ಕಾಲೇಜಲ್ಲಿದ್ದೆ ಅಂತ ಕಾಲೇಜಿನೋರು ಒಂದು ಕಾಗ್ದ ಕೊಟ್ರೆ ಸಾಕಂತೆ. ನೀ ಅಲ್ಲಿದ್ರೆ ಇಲ್ಲಿ ಪ್ರೆಸ್ಸಲ್ಲಿ ನಿಂತೋನು ಇವ್ರೇ ಅಂತ ಆಯ್ತದಂತೆ. ಆಪೀಸರು ಕಾಲೇಜಲ್ಲಿ ಏನೋ ಬೇರೆ ಬರ್ಕಂಡೋಗವ್ರಂತೆ, ಅದು ಅವ್ರ ಮೋಸ. ನೀ ಓಗಿ ನಿನ್ನ ಮೇಡಂನ ಕೇಳು. ನಮ್ಮ ಬಾಷೆಯೋರು ಅಂತಿದ್ದೆಯಲ್ಲ, ಅವರು ಕೊಡ್ತಾರೆ.”

ಅವಳ ಮುಖದಲ್ಲಿ ಆಸೆ ಇತ್ತು. ಇಷ್ಟು ದಿನದಲ್ಲಿ ಅದೊಂದನ್ನು ಅವನು ಎಣಿಸಿರಲಿಲ್ಲ.

“ಅದು ಮೋಸ ಅಲ್ಲಕ್ಕಾ,” ಎಂದ. “ನಾನೇ ಓಗಿ ತೆಗಿಸ್ದೆ. ನಾ ಬಂದಿರ್ಲಿಲ್ಲ ಅಂತ ನಾನೇ ಹೇಳ್ದೆ.”

ಅಂಗಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮತ್ತೊಮ್ಮೆ ಹೇಳಬೇಕಾಯಿತು. ಈಗ ಮೇಡಂ ಹತ್ತಿರ ಹೋಗಿ ನಿಜ ಹೇಳುತ್ತೇನೆ, ಕೋರ್ಟಿಗೂ ಬರುತ್ತೇನೆ ಎಂದ. ಹೇಳುವಾಗಲೇ ಅವನಿಗೆ ಗೊತ್ತಿತ್ತು: ಕಾಲೇಜಿನಲ್ಲಿ ಒಂದು ಸುಳ್ಳು, ಕಾರ್ಖಾನೆಯಲ್ಲಿ ಒಂದು ಸುಳ್ಳು, ಟೈಫಾಯ್ಡಿನದು ಇನ್ನೊಂದು. ನಾಲ್ಕನೆಯ ಸಲ ಹೇಳುವುದು ನಿಜವೆಂದು ಯಾರು ನಂಬುತ್ತಾರೆ? ಅಂಗಮ್ಮ ಅಷ್ಟನ್ನೆಲ್ಲ ಯೋಚಿಸಲಿಲ್ಲ. ಬೈಯಲೂ ಇಲ್ಲ. ಸೆರಗನ್ನು ಬಾಯಿಗಿಟ್ಟುಕೊಂಡು ಜಗಲಿಯ ಮೇಲೆ ಕುಸಿದು ಕುಳಿತಳು.

ಅಲ್ಲಿಯವರೆಗೆ ಬಾಯಿ ಬಿಡದೆ ನಿಂತಿದ್ದ ಲೋಗನಾಥನ್ ಈಗ ಒಂದು ಹೆಜ್ಜೆ ಮುಂದೆ ಬಂದ. ಕೋಪವಿದ್ದಂತೆ ಕಾಣಲಿಲ್ಲ. ಡೈ ಸರಿಯಾಗಿ ಕೂರದಿದ್ದಾಗ ಎಲ್ಲಿ ತಪ್ಪಿದೆ ಎಂದು ಕೇಳುವಾಗಿನ ದನಿಯಲ್ಲೇ ಕೇಳಿದ.

“ಫ್ಯಾಕ್ಟ್ರೀಲಿ ನಾ ಮನೇಗೆ ಓಗಿದ್ದೆ ಅಂತ ಅದೆ. ಕಾಲೇಜಲ್ಲಿ ನೀ ಬಂದಿಲ್ಲ ಅಂತ ಅದೆ. ಹಂಗಾದ್ರೆ ಅವತ್ತು ನಾ ಯಾರ ಬದ್ಲಿಗೆ ನಿಂತಿದ್ದೆ ತಂಬಿ?”

ಲೋಗನಾಥನ್ ಎಡಗೈಯಿಂದ ಹೆಂಡತಿಯ ತೋಳು ಹಿಡಿದೆಬ್ಬಿಸಿ, ಬಂದ ದಾರಿಯಲ್ಲೇ ಅವಳನ್ನು ನಡೆಸಿಕೊಂಡು ಹೋದ.